ಹೊಸ ರೂಟರ್‌ಗೆ ಹಳೆಯ ಪ್ರಿಂಟರ್ ಸೇರದಿದ್ದರೆ ಪ್ರಿಂಟರ್ ಬದಲಿಸಲೇಬೇಕೇ?

ಮನೆಗೆ ಹೊಸ ರೂಟರ್ ಬಂದ ದಿನವೇ ವೈಫೈ ಪ್ರಿಂಟರ್ ಕೈಕೊಡುವುದುಂಟು. ಆಗ ‘ಇದು ಹಳೇ ಪ್ರಿಂಟರ್, ಹೊಸ ರೂಟರ್‌ಗೆ ಹೊಂದುವುದಿಲ್ಲ, ಬೇರೆ ತಗೊಳ್ಳಿ’ ಎಂಬ ಸಲಹೆಯೂ ಸಿಗುತ್ತದೆ. ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಇದು ಎಷ್ಟು ನಿಜ ಎಂದು ನೋಡೋಣ.

ಕಾರಣ ಏನು?

ಈಗಿನ ಬಹುತೇಕ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ವೈಫೈ ಕೊಡುತ್ತವೆ. ಅನೇಕ ಪ್ರಿಂಟರ್‌ಗಳಿಗೆ 2.4 ಮಾತ್ರ ಗೊತ್ತು. ಎಎಂ ರೇಡಿಯೊದಲ್ಲಿ ಎಫ್‌ಎಂ ಕೇಳಿಸದ ಹಾಗೆ, ಇವುಗಳಿಗೆ 5 ಕಾಣಿಸುವುದೇ ಇಲ್ಲ. ಆದರೆ ರೂಟರ್ 2.4 ಅನ್ನೂ ಕೊಡುತ್ತಿರುವುದರಿಂದ ಪ್ರಿಂಟರ್ ಸೇರಲು ಜಾಗ ಇದ್ದೇ ಇದೆ.

ತೊಡಕು ಬರುವುದು ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಇಟ್ಟಾಗ. ಕೆಲವು ರೂಟರ್‌ಗಳು ಸಾಧನಗಳನ್ನು 5ರ ಕಡೆಗೆ ತಳ್ಳಲು 2.4ರಲ್ಲಿ ಬಂದ ಕೋರಿಕೆಗೆ ಮೊದಮೊದಲು ಉತ್ತರಿಸುವುದಿಲ್ಲ. ಪ್ರಿಂಟರ್‌ಗೆ ಹೋಗಲು ಬೇರೆ ದಾರಿ ಇಲ್ಲ, ಸುಮ್ಮನೆ ಸೋಲುತ್ತದೆ.

ಸರಿಪಡಿಸುವುದು ಹೇಗೆ?

ಮನೆಯ ವೈಫೈ ಹೆಸರು `Mane` ಎಂದುಕೊಳ್ಳೋಣ. ರೂಟರ್ ಕೆಳಗಿನ ಸ್ಟಿಕ್ಕರ್‌ನಲ್ಲಿರುವ ವಿಳಾಸವನ್ನು (ಸಾಮಾನ್ಯವಾಗಿ `192.168.1.1`) ಫೋನಿನ ಬ್ರೌಸರ್‌ನಲ್ಲಿ ತೆರೆದು ಲಾಗಿನ್ ಆಗಿ. `Smart Connect` ಅಥವಾ `Band Steering` ಎಂಬುದಿದ್ದರೆ ಆಫ್ ಮಾಡಿ. 2.4ಕ್ಕೆ `Mane` ಹೆಸರನ್ನೇ ಉಳಿಸಿ, 5ಕ್ಕೆ `Mane_5G` ಎಂದು ಕೊಡಿ. ಈ 5G ಮೊಬೈಲ್‌ನ 5ಜಿ ಅಲ್ಲ, ಬ್ಯಾಂಡ್‌ನ ಗುರುತು ಅಷ್ಟೇ. ಬಳಿಕ ಫೋನನ್ನೂ `Mane`ಗೆ ಸೇರಿಸಿ, ಪ್ರಿಂಟರ್ ಆ್ಯಪ್‌ನಿಂದ ಸೆಟಪ್ ಮಾಡಿ. ಕೆಲವು ಆ್ಯಪ್‌ಗಳು ಫೋನ್ ಇರುವ ನೆಟ್‌ವರ್ಕನ್ನೇ ಪ್ರಿಂಟರ್‌ಗೆ ಕೊಡುತ್ತವೆ, ಹಾಗಾಗಿ ಈ ಹೆಜ್ಜೆ ಬಿಡಬೇಡಿ.

ಪ್ರಿಂಟರ್‌ನ ಪಟ್ಟಿಯಲ್ಲಿ `Mane` ಕಾಣದಿದ್ದರೆ, ರೂಟರ್‌ನಲ್ಲಿ 2.4 ಆಫ್ ಆಗಿರಬಹುದು. ಹೆಸರು ಕಂಡರೂ, ಸರಿಯಾದ ಪಾಸ್‌ವರ್ಡ್ ಹಾಕಿದರೂ ಸೇರದಿದ್ದರೆ ಭದ್ರತೆಯ ಆಯ್ಕೆ ನೋಡಿ. ಅದು `WPA3` ಮಾತ್ರ ಎಂದಿದ್ದರೆ ಹಳೆಯ ಪ್ರಿಂಟರ್‌ಗೆ ಅರ್ಥವಾಗದು, `WPA2` ಆಯ್ಕೆ ಮಾಡಿ.

ಫೋನನ್ನು ಯಾವಾಗಲೂ 2.4ರಲ್ಲೇ ಇಡಬೇಕೇ?

ಬೇಡ. ಸೆಟಪ್ ಮುಗಿದ ಮೇಲೆ ಫೋನ್ `Mane_5G`ಗೆ ಮರಳಬಹುದು. ಎರಡು ಹೆಸರಿದ್ದರೂ ರೂಟರ್ ಒಂದೇ, ಒಳಗಿನ ನೆಟ್‌ವರ್ಕ್ ಒಂದೇ, ಆದ್ದರಿಂದ ಪ್ರಿಂಟ್ ಬರುತ್ತದೆ. ಆದರೆ ಪ್ರಿಂಟರನ್ನು ಗೆಸ್ಟ್ ನೆಟ್‌ವರ್ಕ್‌ಗೆ ಸೇರಿಸಬೇಡಿ. ಅದು ಸಾಮಾನ್ಯವಾಗಿ ಮನೆಯ ಬೇರೆ ಸಾಧನಗಳಿಂದ ಪ್ರತ್ಯೇಕವಾಗಿರುತ್ತದೆ.

ಪ್ರಿಂಟರೇ ಕೆಟ್ಟಿದೆಯೇ ಎಂದು ತಿಳಿಯಲು

ಇನ್ನೊಂದು ಫೋನಿನ ಹಾಟ್‌ಸ್ಪಾಟನ್ನು 2.4ಕ್ಕೆ ಇಟ್ಟು (ಐಫೋನ್‌ನಲ್ಲಿ `Maximize Compatibility` ಆನ್ ಮಾಡಿ) ಪ್ರಿಂಟರನ್ನು ಅದಕ್ಕೆ ಸೇರಿಸಿ. ಸೇರಿದರೆ ಪ್ರಿಂಟರ್‌ನ ವೈಫೈ ಚೆನ್ನಾಗಿದೆ, ಬದಲಿಸಬೇಕಾದದ್ದು ರೂಟರ್ ಸೆಟ್ಟಿಂಗ್ ಮಾತ್ರ. ಅಲ್ಲೂ ಸೇರದಿದ್ದರೆ ಪ್ರಿಂಟರನ್ನು ರಿಪೇರಿಯವರಿಗೆ ತೋರಿಸಿ. ಯುಎಸ್‌ಬಿ ಕೇಬಲ್ ಹಾಕಿದರೆ ಕಂಪ್ಯೂಟರ್‌ನಿಂದ ಆಗಲೂ ಪ್ರಿಂಟ್ ತೆಗೆಯಬಹುದು.