ಅಳಿವಿನಂಚಿನ ಜೀವಿಗಳು: ತಲೆ ಎಣಿಕೆಗೆ ಸಿಗದ ‘ಪರಿಣಾಮಕಾರಿ ಸಂಖ್ಯೆ’

ಮೃಗಾಲಯಗಳಲ್ಲಿ ಅಪರೂಪದ ಪ್ರಾಣಿಯೊಂದರ ಸಂಖ್ಯೆ ನೂರಕ್ಕೇರಿದರೆ ಆ ಪ್ರಭೇದ ಸುರಕ್ಷಿತವಾಯಿತೆಂಬ ಭಾವನೆ ಸಹಜ. ಆದರೆ ಜೀವವಿಜ್ಞಾನಿಗಳು ತಲೆ ಎಣಿಕೆಯೊಂದನ್ನೇ ನಂಬುವುದಿಲ್ಲ. ಅವುಗಳಲ್ಲಿ ಎಷ್ಟು ಪ್ರಾಣಿಗಳು ತಮ್ಮ ವಂಶವಾಹಿಗಳನ್ನು ಮುಂದಿನ ಪೀಳಿಗೆಗೆ ದಾಟಿಸುತ್ತಿವೆ ಎಂಬುದನ್ನು ಅವರು ಲೆಕ್ಕ ಹಾಕುತ್ತಾರೆ. ಹೀಗೆ ದೊರೆಯುವ ಸಂಖ್ಯೆಯೇ ‘ಪರಿಣಾಮಕಾರಿ ಸಂಖ್ಯೆ’. ಇದು ಬಹುತೇಕ ಯಾವಾಗಲೂ ತಲೆ ಎಣಿಕೆಗಿಂತ ಕಡಿಮೆ ಇರುತ್ತದೆ.

ಲೆಕ್ಕದ ಬಗೆ

ಗಂಡು, ಹೆಣ್ಣುಗಳ ಸಂಖ್ಯೆ ಅಸಮವಾಗಿದ್ದಾಗ ಬಳಸುವ ಸೂತ್ರ ಸರಳವಾದುದು. ಸಂತಾನ ಪಡೆಯುವ ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಬಂದುದನ್ನು ನಾಲ್ಕು ಪಟ್ಟು ಮಾಡಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 50 ಗಂಡು, 50 ಹೆಣ್ಣುಗಳಿದ್ದರೆ ಉತ್ತರ 100. ಆದರೆ 10 ಗಂಡುಗಳಷ್ಟೇ 90 ಹೆಣ್ಣುಗಳೊಡನೆ ಕೂಡುತ್ತಿದ್ದರೆ ಉತ್ತರ ಕೇವಲ 36. ಕಣ್ಣಿಗೆ ಕಾಣುವುದು ನೂರು ಪ್ರಾಣಿಗಳೇ ಆದರೂ ವಂಶದ ದೃಷ್ಟಿಯಿಂದ ಅದು 36 ಪ್ರಾಣಿಗಳ ಗುಂಪು.

ಪ್ರತಿ ಪ್ರಾಣಿಯಲ್ಲೂ ಒಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ; ಮರಿಗೆ ದಾಟುವುದು ಅವುಗಳಲ್ಲಿ ಒಂದು ಮಾತ್ರ. ಮರಿಗಳು ಕಡಿಮೆಯಾದಷ್ಟೂ ಇನ್ನೊಂದು ಪ್ರತಿ ದಾಟದೆಯೇ ಉಳಿಯುವ ಸಂಭವ ಹೆಚ್ಚು. ಹೀಗೆ ಪ್ರತಿ ಪೀಳಿಗೆಯಲ್ಲೂ ಕಳೆದುಹೋಗುವ ವೈವಿಧ್ಯದ ಪಾಲು, ಪರಿಣಾಮಕಾರಿ ಸಂಖ್ಯೆಯ ಎರಡು ಪಟ್ಟಿನಲ್ಲಿ ಒಂದು ಭಾಗ. ಆ ಸಂಖ್ಯೆ 100 ಆಗಿದ್ದರೆ ಹತ್ತು ಪೀಳಿಗೆಗಳಲ್ಲಿ ಶೇ 5ರಷ್ಟು ವೈವಿಧ್ಯ ನಷ್ಟವಾಗುತ್ತದೆ. 36 ಆಗಿದ್ದರೆ ಶೇ 13ರಷ್ಟು. 7 ಆಗಿದ್ದರೆ ಅರ್ಧಕ್ಕಿಂತಲೂ ಹೆಚ್ಚು.

ಏಳರಿಂದ ಮತ್ತೆ ಆರಂಭ

ಈ ಕೊನೆಯ ಸ್ಥಿತಿಗೆ ತಲುಪಿದ್ದ ಪ್ರಾಣಿ ಅಮೆರಿಕದ ಕಪ್ಪುಪಾದದ ಫೆರೆಟ್. ನೀರುನಾಯಿಯ ಕುಟುಂಬಕ್ಕೆ ಸೇರಿದ ಈ ಪುಟ್ಟ ಬೇಟೆಗಾರ ಅಳಿದೇಹೋಯಿತೆಂದು ನಂಬಲಾಗಿತ್ತು. 1981ರಲ್ಲಿ ವಯೋಮಿಂಗ್ ರಾಜ್ಯದ ಮಿಟೀಟ್ಸೀ ಬಳಿ ಸಾಕುನಾಯಿಯೊಂದು ಸತ್ತ ಫೆರೆಟ್ ಒಂದನ್ನು ಮನೆಗೆ ಕಚ್ಚಿ ತಂದಾಗ ಅಲ್ಲೊಂದು ಗುಂಪು ಉಳಿದಿರುವುದು ಬೆಳಕಿಗೆ ಬಂತು. ಕೆಲವೇ ವರ್ಷಗಳಲ್ಲಿ ಅಲ್ಲಿಗೂ ರೋಗ ಹರಡಿತು. 1987ರ ವೇಳೆಗೆ ಉಳಿದಿದ್ದ 18 ಪ್ರಾಣಿಗಳನ್ನು ಹಿಡಿದು ಸಾಕಲಾಯಿತು. ಇಂದಿನ ಸಂತತಿಗೆ ಮೂಲವಾದವು ಅವುಗಳಲ್ಲಿ ಏಳು ಮಾತ್ರ.

ಇಂಥ ಸ್ಥಿತಿಯಲ್ಲಿ ಮೊದಲ ಕೆಲಸ ಗುಂಪನ್ನು ಬೇಗ ಬೆಳೆಸುವುದು. ಸಂಖ್ಯೆ ಕಿರಿದಾಗಿಯೇ ಉಳಿದರೆ ಪೀಳಿಗೆ ಪೀಳಿಗೆಗೂ ನಷ್ಟ ಮುಂದುವರಿಯುತ್ತದೆ. ಎರಡನೆಯದು ಜೋಡಿಗಳ ಆಯ್ಕೆ. ಪ್ರತಿ ಪ್ರಾಣಿಯ ವಂಶಾವಳಿಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟು, ಗುಂಪಿನ ಉಳಿದೆಲ್ಲವುಗಳೊಡನೆ ಅದಕ್ಕಿರುವ ರಕ್ತಸಂಬಂಧದ ಸರಾಸರಿಯನ್ನು ಲೆಕ್ಕ ಹಾಕಲಾಗುತ್ತದೆ. ಸರಾಸರಿ ಕಡಿಮೆ ಇದ್ದರೆ ಅದರ ವಂಶವಾಹಿಗಳು ಗುಂಪಿನಲ್ಲಿ ವಿರಳ ಎಂದರ್ಥ. ಮರಿ ಹಾಕಿಸಲು ಅದಕ್ಕೇ ಆದ್ಯತೆ. ಚೆನ್ನಾಗಿ ಮರಿ ಪಡೆಯುವ ಗಂಡನ್ನೇ ಮತ್ತೆ ಮತ್ತೆ ಬಳಸಿದರೆ ತಲೆ ಎಣಿಕೆ ಏರುತ್ತದೆ, ಪರಿಣಾಮಕಾರಿ ಸಂಖ್ಯೆ ಇಳಿಯುತ್ತದೆ.

ಈ ಕ್ರಮದಿಂದ ಫೆರೆಟ್‌ಗಳು ಹೆಚ್ಚಿದವು; 1991ರಲ್ಲಿ ಅವುಗಳನ್ನು ಮತ್ತೆ ಬಯಲಿಗೆ ಬಿಡಲಾರಂಭಿಸಲಾಯಿತು. ಆದರೆ ಎಚ್ಚರಿಕೆಯ ಜೋಡಣೆ ನಷ್ಟವನ್ನು ನಿಧಾನಗೊಳಿಸಬಲ್ಲದೇ ಹೊರತು ಕಳೆದುದನ್ನು ಮರಳಿಸಲಾರದು. ನಷ್ಟದ ಸುಳಿವು ಸಾಮಾನ್ಯವಾಗಿ ಸಂತಾನಶಕ್ತಿಯಲ್ಲಿ ಕಾಣಿಸುತ್ತದೆ: ಸಹಜ ಆಕಾರದ ವೀರ್ಯಾಣುಗಳು ಕಡಿಮೆಯಾಗುತ್ತವೆ, ಮರಿಗಳು ಉಳಿಯುವುದಿಲ್ಲ. ಆಹಾರದೋಷದಿಂದಲೂ ಇವು ಉಂಟಾಗಬಹುದಾದ್ದರಿಂದ ಒಂದೇ ಲಕ್ಷಣದಿಂದ ನಿರ್ಧರಿಸಲಾಗದು. ವಂಶಾವಳಿ ಮತ್ತು ಡಿಎನ್‌ಎ ಪರೀಕ್ಷೆ ಎರಡನ್ನೂ ನೋಡಬೇಕಾಗುತ್ತದೆ.

ಎಂಟನೆಯ ಮೂಲ

ಸೆರೆಹಿಡಿದ ಫೆರೆಟ್‌ಗಳಲ್ಲಿ ‘ವಿಲ್ಲಾ’ ಎಂಬ ಹೆಣ್ಣಿನ ವಂಶ ಮುಂದುವರಿದಿರಲಿಲ್ಲ. ಆದರೆ 1988ರಲ್ಲಿ ಆಕೆಯ ಜೀವಕೋಶಗಳನ್ನು ಸ್ಯಾನ್ ಡಿಯಾಗೊ ಮೃಗಾಲಯದ ಶೈತ್ಯಾಗಾರದಲ್ಲಿ ಕಾದಿಡಲಾಗಿತ್ತು. ಅವುಗಳಿಂದ 2020ರ ಡಿಸೆಂಬರ್ 10ರಂದು ‘ಎಲಿಜಬೆತ್ ಆ್ಯನ್’ ಎಂಬ ತದ್ರೂಪಿ ಜನಿಸಿತು. ಗರ್ಭಾಶಯದ ತೊಂದರೆಯಿಂದ ಅದು ಮರಿ ಹಾಕಲಿಲ್ಲ. 2023ರಲ್ಲಿ ಹುಟ್ಟಿದ ಇನ್ನೊಂದು ತದ್ರೂಪಿ ‘ಆ್ಯಂಟೋನಿಯಾ’ 2024ರಲ್ಲಿ ಮೂರು ಮರಿ ಹಾಕಿತು, ಎರಡು ಬದುಕಿದವು.

ಇದಕ್ಕೂ ಒಂದು ಮಿತಿ ಇದೆ. ತದ್ರೂಪಿಯ ಸೃಷ್ಟಿಗೆ ಸಾಕು ಫೆರೆಟ್‌ನ ಅಂಡವನ್ನು ಬಳಸಲಾದ್ದರಿಂದ ಮೈಟೊಕಾಂಡ್ರಿಯದ ಡಿಎನ್‌ಎ ಸಾಕು ತಳಿಯದೇ ಆಗಿದೆ. ಅದು ತಾಯಿಯಿಂದ ಮಾತ್ರ ಮರಿಗೆ ಬರುತ್ತದೆ. ಆದ್ದರಿಂದ ಆ್ಯಂಟೋನಿಯಾದ ಗಂಡು ಸಂತಾನವನ್ನು ಉಳಿದ ಹೆಣ್ಣುಗಳೊಡನೆ ಕೂಡಿಸಿದರೆ, ವಿಲ್ಲಾಳ ವಂಶವಾಹಿಗಳು ಗುಂಪಿಗೆ ಸೇರುತ್ತವೆ. ಸಾಕು ತಳಿಯ ಗುರುತು ಅಲ್ಲಿಗೇ ನಿಲ್ಲುತ್ತದೆ.