ಅಯಸ್ಕಾಂತ ಮತ್ತು ಲೋಹಗಳ ಆಯ್ಕೆ: ಒಂದು ಪ್ರಶ್ನೆಯ ಚರಿತ್ರೆ

ಅಯಸ್ಕಾಂತವು ಕಬ್ಬಿಣ, ನಿಕ್ಕಲ್ ಮತ್ತು ಕೋಬಾಲ್ಟ್‌ಗಳನ್ನು ಬಲವಾಗಿ ಸೆಳೆಯುತ್ತದೆ. ತಾಮ್ರ, ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗಳ ಮುಂದೆ ಅದು ಏನೂ ನಡೆಯದಂತೆ ಸುಮ್ಮನಿರುತ್ತದೆ. ಈ ತಾರತಮ್ಯದ ಹಿಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಸೆಳೆತ ನಡೆಯುವುದು ಹೇಗೆ ಎಂಬುದು ಮೊದಲನೆಯದು, ಅದು ಕೆಲವೇ ಲೋಹಗಳಿಗೆ ಸೀಮಿತವಾದದ್ದೇಕೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಬೇಕಾದ ಸುಳಿವು 1600ರಷ್ಟು ಹಿಂದೆಯೇ ದೊರೆತಿದ್ದರೂ ಎರಡನೆಯದರ ಉತ್ತರಕ್ಕೆ ದಾರಿ 1928ರವರೆಗೆ ತೆರೆಯಲಿಲ್ಲ. ಇಷ್ಟು ತಡವಾದುದಕ್ಕೆ ವಿದ್ವಾಂಸರ ಉದಾಸೀನ ಕಾರಣವಲ್ಲ. ಕಬ್ಬಿಣವನ್ನು ಕಾಂತವಾಗಿಸುವ ಬಲವು ಮೂಲತಃ ಕಾಂತಬಲವೇ ಅಲ್ಲ ಎಂಬುದೇ ಅದರ ಕಾರಣ, ಮತ್ತು ಈ ಚರಿತ್ರೆಯ ತಿರುಳೂ ಅದೇ.

ಪ್ರಾಚೀನರಿಗೆ ಪರಿಚಿತವಾಗಿದ್ದ ಸೂಜಿಗಲ್ಲು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಖನಿಜದ ತುಂಡು. ಕರ್ನಾಟಕದ ಕುದುರೆಮುಖದಲ್ಲಿ ತೆಗೆಯುತ್ತಿದ್ದ ಅದಿರಿನ ಮುಖ್ಯ ಖನಿಜವೂ ಇದೇ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಪ್ರಕಟಿಸಿದ ‘ಡಿ ಮ್ಯಾಗ್ನೆಟೆ’ ಗ್ರಂಥದಲ್ಲಿ ಈ ಕಲ್ಲಿನ ಮೇಲೆ ತಾನು ನಡೆಸಿದ ಪ್ರಯೋಗಗಳನ್ನು ದಾಖಲಿಸಿದನು. ಅವುಗಳಲ್ಲಿ ಎರಡು ಸಂಗತಿಗಳು ಇಲ್ಲಿ ಮುಖ್ಯ. ಸೂಜಿಗಲ್ಲಿನ ಸಮೀಪಕ್ಕೆ ಬಂದ ಕಬ್ಬಿಣವು ತಾನೇ ಒಂದು ಕಾಂತವಾಗುತ್ತದೆ ಎಂಬುದು ಒಂದು. ಕೆಂಪಗೆ ಕಾದ ಕಬ್ಬಿಣವು ಆ ಗುಣವನ್ನು ಪೂರ್ತಿಯಾಗಿ ಕಳೆದುಕೊಳ್ಳುತ್ತದೆ ಎಂಬುದು ಇನ್ನೊಂದು.

ಮೊದಲನೆಯ ಸಂಗತಿಯಿಂದಲೇ ಸೆಳೆತದ ಬಗೆ ತಿಳಿಯುತ್ತದೆ. ಅಯಸ್ಕಾಂತದ ಉತ್ತರ ಧ್ರುವದೆದುರು ಒಂದು ಮೊಳೆಯನ್ನಿಟ್ಟರೆ, ಮೊಳೆಯ ಹತ್ತಿರದ ತುದಿಯಲ್ಲಿ ದಕ್ಷಿಣ ಧ್ರುವವೂ ದೂರದ ತುದಿಯಲ್ಲಿ ಉತ್ತರ ಧ್ರುವವೂ ಮೂಡುತ್ತವೆ. ಹತ್ತಿರದ ತುದಿ ಸೆಳೆಯಲ್ಪಡುತ್ತದೆ, ದೂರದ ತುದಿ ತಳ್ಳಲ್ಪಡುತ್ತದೆ. ಕಾಂತದ ಪ್ರಭಾವವು ದೂರ ಹೆಚ್ಚಿದಂತೆ ಕುಗ್ಗುವುದರಿಂದ ಸೆಳೆತವು ತಳ್ಳಿಕೆಯನ್ನು ಮೀರುತ್ತದೆ. ಎಲ್ಲೆಡೆಯೂ ಒಂದೇ ಬಲವಿರುವ ಕಾಂತಕ್ಷೇತ್ರದಲ್ಲಿ ಇದೇ ಮೊಳೆಯನ್ನಿಟ್ಟರೆ ಅದು ಕ್ಷೇತ್ರದ ದಿಕ್ಕಿಗೆ ತಿರುಗಿ ನಿಲ್ಲುತ್ತದೆಯೇ ಹೊರತು ಯಾವ ಕಡೆಗೂ ಸರಿಯುವುದಿಲ್ಲ. ಹೀಗೆ ಅಯಸ್ಕಾಂತವು ಕಬ್ಬಿಣವನ್ನು ಮೊದಲು ಕಾಂತವಾಗಿಸಿ, ಬಳಿಕ ಆ ಕಾಂತವನ್ನು ಸೆಳೆಯುತ್ತದೆ ಎಂದು ತಿಳಿದ ಮೇಲೆ ತಾಮ್ರವನ್ನು ಅದು ಏಕೆ ಸೆಳೆಯುವುದಿಲ್ಲ ಎಂಬ ಪ್ರಶ್ನೆಯು, ತಾಮ್ರವು ಏಕೆ ಕಾಂತವಾಗುವುದಿಲ್ಲ ಎಂಬ ರೂಪವನ್ನು ತಾಳುತ್ತದೆ.

ಈ ಪ್ರಶ್ನೆಯನ್ನು ಎಲ್ಲ ವಸ್ತುಗಳಿಗೂ ವಿಸ್ತರಿಸಿದವನು ಮೈಕೆಲ್ ಫ್ಯಾರಡೆ. ಲೋಹಗಳೆಲ್ಲವೂ ಸಾಕಷ್ಟು ತಣ್ಣಗಾದರೆ ಕಬ್ಬಿಣದಂತೆಯೇ ವರ್ತಿಸಬಹುದು ಎಂದು ಊಹಿಸಿ 1830ರ ದಶಕದಲ್ಲಿ ಆತನು ಅನೇಕ ಲೋಹಗಳನ್ನು ತಣಿಸಿ ನೋಡಿದ್ದನು. ಆಗ ಫಲ ಸಿಗಲಿಲ್ಲ. 1845ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಬಲ ವಿದ್ಯುತ್ಕಾಂತವೊಂದರ ಧ್ರುವಗಳ ನಡುವೆ ಸೀಸ ಬೆರೆತ ಭಾರವಾದ ಗಾಜಿನ ತುಂಡನ್ನು ದಾರದಿಂದ ತೂಗಿಬಿಟ್ಟಾಗ ಅದು ಧ್ರುವದಿಂದ ಧ್ರುವಕ್ಕೆ ಚಾಚಿ ನಿಲ್ಲದೆ ಅಡ್ಡಲಾಗಿ ತಿರುಗಿ ನಿಂತಿತು. ಬಿಸ್ಮತ್ ಲೋಹದಲ್ಲಿ ಈ ವಿಮುಖತೆ ಇನ್ನೂ ಸ್ಪಷ್ಟವಾಗಿತ್ತು. ಮಾಂಸದ ತುಂಡು, ಸೇಬಿನ ಹೋಳುಗಳಲ್ಲಿಯೂ ಅದು ಕಂಡುಬಂದಿತು. ಕಾಂತದಿಂದ ಕ್ಷೀಣವಾಗಿ ದೂರ ಸರಿಯುವ ಇಂಥ ವಸ್ತುಗಳನ್ನು ಡಯಾಕಾಂತೀಯ ಎಂದೂ, ಕ್ಷೀಣವಾಗಿ ಸೆಳೆಯಲ್ಪಡುವ ಅಲ್ಯೂಮಿನಿಯಂ, ಪ್ಲಾಟಿನಂಗಳಂಥವನ್ನು ಪ್ಯಾರಾಕಾಂತೀಯ ಎಂದೂ, ಕಬ್ಬಿಣದಂತೆ ಬಲವಾಗಿ ಸೆಳೆಯಲ್ಪಡುವವನ್ನು ಫೆರ್ರೋಕಾಂತೀಯ ಎಂದೂ ಇಂದು ಕರೆಯಲಾಗುತ್ತದೆ. ಕಾಂತಕ್ಕೆ ಸ್ಪಂದಿಸದ ವಸ್ತುವೇ ಇಲ್ಲವೆಂದು ಫ್ಯಾರಡೆ ತೋರಿಸಿದ್ದರಿಂದ ಕಬ್ಬಿಣದ ಒಗಟು ಕರಗಲಿಲ್ಲ, ಇನ್ನಷ್ಟು ಬಿಗಿಯಾಯಿತು. ಅಲ್ಯೂಮಿನಿಯಂ ಗಳಿಸುವ ಕಾಂತತ್ವ ಕಬ್ಬಿಣದ್ದಕ್ಕೆ ಹೋಲಿಸಿದರೆ ಸುಮಾರು ಲಕ್ಷದಲ್ಲೊಂದು ಪಾಲು ಮಾತ್ರ. ಈ ಅಗಾಧ ಅಂತರಕ್ಕೆ ಕಾರಣವೇನೆಂಬುದು ಮುಂದಿನವರ ಪಾಲಿಗೆ ಉಳಿಯಿತು.

ಗಿಲ್ಬರ್ಟನು ಕಂಡ ಎರಡನೆಯ ಸಂಗತಿಯನ್ನು, ಅಂದರೆ ಶಾಖದ ಪಾತ್ರವನ್ನು, ಅಳತೆಗೆ ತಂದವನು ಪಿಯರ್ ಕ್ಯೂರಿ. ಆತನ 1895ರ ಪ್ರಬಂಧದ ಪ್ರಕಾರ ಪ್ಯಾರಾಕಾಂತೀಯ ವಸ್ತುಗಳ ಸ್ಪಂದನವು ಉಷ್ಣತೆ ಏರಿದಂತೆ ಕ್ರಮವಾಗಿ ಇಳಿಯುತ್ತದೆ. ಕಬ್ಬಿಣವಾದರೋ ಒಂದು ಮಿತಿಯವರೆಗೆ ಬಲವಾದ ಕಾಂತತ್ವವನ್ನು ಉಳಿಸಿಕೊಂಡು, ಮಿತಿ ಸಮೀಪಿಸಿದಾಗ ಅದನ್ನು ಬೇಗನೆ ಬಿಟ್ಟುಕೊಟ್ಟು, ಅದರಾಚೆಗೆ ತಾನೂ ಒಂದು ಸಾಧಾರಣ ಪ್ಯಾರಾಕಾಂತೀಯ ವಸ್ತುವಾಗಿಬಿಡುತ್ತದೆ. ಕ್ಯೂರಿ ಬಿಂದುವೆಂದು ಹೆಸರಾದ ಈ ಮಿತಿ ಕಬ್ಬಿಣಕ್ಕೆ 770 ಡಿಗ್ರಿ ಸೆಲ್ಸಿಯಸ್, ನಿಕ್ಕಲ್‌ಗೆ ಸುಮಾರು 358 ಡಿಗ್ರಿ, ಕೋಬಾಲ್ಟ್‌ಗೆ ಸುಮಾರು 1115 ಡಿಗ್ರಿ. ಪರಮಾಣುಗಳು ಪುಟ್ಟ ಕಾಂತಗಳೆಂದು ಭಾವಿಸಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಶಾಖವು ಆ ಪುಟ್ಟ ಕಾಂತಗಳನ್ನು ಅಡ್ಡಾದಿಡ್ಡಿಯಾಗಿ ಅಲ್ಲಾಡಿಸುತ್ತದೆ. ಕಬ್ಬಿಣದೊಳಗಿನ ಯಾವುದೋ ಬಲ ಅವುಗಳನ್ನು ಒಂದೇ ದಿಕ್ಕಿಗೆ ಹಿಡಿದು ನಿಲ್ಲಿಸುತ್ತದೆ. 770 ಡಿಗ್ರಿಯಲ್ಲಿ ಶಾಖ ಗೆಲ್ಲುತ್ತದೆ.

ಆ ಬಲಕ್ಕೆ ಗಣಿತದ ರೂಪ ಕೊಟ್ಟವನು ಪಿಯರ್ ವೈಸ್. ಪ್ರತಿಯೊಂದು ಪರಮಾಣುವಿನ ಮೇಲೂ ಅದರ ನೆರೆಯವು ಒಟ್ಟಾಗಿ ಒಂದು ಒಳಕ್ಷೇತ್ರವನ್ನು ಬೀರುತ್ತವೆ ಎಂದು 1907ರಲ್ಲಿ ಆತನು ಊಹಿಸಿದನು. ಹಾಗಿದ್ದರೆ ಪ್ರತಿ ಮೊಳೆಯೂ ಹುಟ್ಟಿನಿಂದಲೇ ಅಯಸ್ಕಾಂತವಾಗಿರಬೇಕಲ್ಲವೇ ಎಂಬ ಆಕ್ಷೇಪಕ್ಕೂ ಆತನಲ್ಲಿ ಉತ್ತರವಿತ್ತು: ಕಬ್ಬಿಣವು ಅನೇಕ ಸಣ್ಣ ವಲಯಗಳಾಗಿ ಒಡೆದಿರುತ್ತದೆ, ಒಂದು ವಲಯದೊಳಗೆ ಪರಮಾಣುಗಳೆಲ್ಲ ಒಂದೇ ದಿಕ್ಕಿಗಿದ್ದರೂ ವಲಯದಿಂದ ವಲಯಕ್ಕೆ ದಿಕ್ಕು ಬದಲಾಗುವುದರಿಂದ ಹೊರಗೆ ಪರಿಣಾಮ ತೋರುವುದಿಲ್ಲ. ಅಯಸ್ಕಾಂತವನ್ನು ಹತ್ತಿರ ತಂದಾಗ ಅದಕ್ಕೆ ಅನುಕೂಲ ದಿಕ್ಕಿನ ವಲಯಗಳು ನೆರೆಯ ವಲಯಗಳನ್ನು ಒತ್ತರಿಸಿ ಹಿಗ್ಗುತ್ತವೆ. ಮೊಳೆಯಂಥ ಮೆದುಕಬ್ಬಿಣದಲ್ಲಿ ಅವು ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಮರಳುತ್ತವೆ, ಗಡಸು ಉಕ್ಕಿನಲ್ಲಿ ವಲಯಗಳ ಗಡಿಗಳು ಸಿಕ್ಕಿಕೊಂಡು ಉಳಿಯುವುದರಿಂದ ಅದು ಸ್ಥಿರ ಕಾಂತವಾಗುತ್ತದೆ. 1919ರಲ್ಲಿ ಹೈನ್‌ರಿಶ್ ಬಾರ್ಕ್‌ಹೌಸೆನ್ ಕಬ್ಬಿಣಕ್ಕೆ ತಂತಿಸುರುಳಿ ಸುತ್ತಿ, ವಿದ್ಯುತ್ ಸಂಕೇತವನ್ನು ವರ್ಧಿಸಿ ಆಲಿಸಿದಾಗ ಈ ಬದಲಾವಣೆ ನಯವಾಗಿ ನಡೆಯದೆ ಚಿಟಚಿಟ ಸದ್ದಿನೊಂದಿಗೆ ಜಿಗಿಜಿಗಿದು ನಡೆಯುವುದು ಕೇಳಿಬಂದಿತು. 1931ರಲ್ಲಿ ಫ್ರಾನ್ಸಿಸ್ ಬಿಟರ್ ಹೊಳಪುಗೊಳಿಸಿದ ಲೋಹದ ಮೇಲೆ ನುಣುಪಾದ ಕಾಂತೀಯ ಪುಡಿಯನ್ನು ಹರಡಿ ಪುಡಿಯು ವಲಯಗಳ ಗಡಿಗಳಲ್ಲಿ ಸಾಲುಗಟ್ಟುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದನು.

ವೈಸ್‌ನ ಸಿದ್ಧಾಂತದಲ್ಲಿ ಒಂದು ಅಂಕಿ ಮಾತ್ರ ಎಲ್ಲರನ್ನೂ ಕಾಡಿತು. ಕಬ್ಬಿಣದ ಪರಮಾಣುಗಳನ್ನು 770 ಡಿಗ್ರಿಯವರೆಗೆ ಹಿಡಿದಿಡಬೇಕಾದರೆ ಒಳಕ್ಷೇತ್ರವು ಸುಮಾರು 1000 ಟೆಸ್ಲಾದಷ್ಟಿರಬೇಕು, ಅಂದರೆ ಭೂಮಿಯ ಕಾಂತಕ್ಷೇತ್ರದ ಕೋಟಿ ಪಟ್ಟನ್ನೂ ಮೀರಬೇಕು. ಆದರೆ ಕಬ್ಬಿಣದ ಒಂದು ಪರಮಾಣುವು ಪಕ್ಕದ ಪರಮಾಣುವಿನ ಮೇಲೆ ಕಾಂತವಾಗಿ ಬೀರಬಹುದಾದ ಕ್ಷೇತ್ರವನ್ನು ಲೆಕ್ಕಹಾಕಿದರೆ ಅದು ಒಂದು ಟೆಸ್ಲಾದ ಕಾಲುಭಾಗದ ಆಸುಪಾಸಿನಲ್ಲಷ್ಟೇ ಇರುತ್ತದೆ. ಕಾಂತಬಲವೊಂದನ್ನೇ ನಂಬಿದ್ದರೆ ಕಬ್ಬಿಣದ ಶಿಸ್ತು ಪರಮಶೂನ್ಯಕ್ಕಿಂತ ಸುಮಾರು ಒಂದು ಡಿಗ್ರಿ ಮೇಲೇರುವಷ್ಟರಲ್ಲಿ ಮುರಿದುಬೀಳುತ್ತಿತ್ತು. ವಾಸ್ತವದಲ್ಲಿ ಅದು ಪರಮಶೂನ್ಯದಿಂದ ಸಾವಿರ ಡಿಗ್ರಿಗೂ ಮೇಲೆ ನಿಲ್ಲುತ್ತದೆ. 1927ರಲ್ಲಿ ಯಾಕೊವ್ ಡಾರ್ಫ್‌ಮನ್ ಕಾಂತಗೊಳಿಸಿದ ನಿಕ್ಕಲ್ ಹಾಳೆಯ ಮೂಲಕ ವೇಗದ ಎಲೆಕ್ಟ್ರಾನ್‌ಗಳನ್ನು ಹಾಯಿಸಿದನು. ಒಳಗೆ ನಿಜಕ್ಕೂ ಅಷ್ಟು ದೊಡ್ಡ ಕಾಂತಕ್ಷೇತ್ರವಿದ್ದಿದ್ದರೆ ಎಲೆಕ್ಟ್ರಾನ್‌ಗಳು ಬಹಳವಾಗಿ ಬಾಗಬೇಕಾಗಿತ್ತು, ಅವು ಹಾಗೆ ಬಾಗಲಿಲ್ಲ. ವೈಸ್‌ನ ಬಲ ಇದ್ದುದು ನಿಜ, ಅದು ಕಾಂತಬಲವಲ್ಲವೆಂಬುದೂ ನಿಜ ಎಂದು ಈ ಪ್ರಯೋಗದಿಂದ ಖಚಿತವಾಯಿತು. ಈ ವಿಷಯದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಚೊಕ್ಕವಾದ ನಕಾರಾತ್ಮಕ ಫಲಿತಾಂಶ ಇನ್ನೊಂದಿಲ್ಲ.

ಮರುವರ್ಷವೇ ವರ್ನರ್ ಹೈಸನ್‌ಬರ್ಗ್ ಉತ್ತರವನ್ನು ಸೂಚಿಸಿದನು. ಪ್ರತಿ ಎಲೆಕ್ಟ್ರಾನ್‌ಗೂ ಸ್ಪಿನ್ ಎಂಬ ಗುಣವಿದ್ದು, ಅದರಿಂದಾಗಿ ಅದು ತಾನೇ ಒಂದು ಪುಟ್ಟ ಕಾಂತವೆಂಬುದು 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಮಂಡಿಸಿದ ವಿಚಾರ. ಒಂದೇ ದಿಕ್ಕಿನ ಸ್ಪಿನ್ ಇರುವ ಎರಡು ಎಲೆಕ್ಟ್ರಾನ್‌ಗಳು ಒಂದೇ ಎಡೆಯಲ್ಲಿ ಇರಲಾರವು ಎಂಬುದು ಕ್ವಾಂಟಂ ಭೌತಶಾಸ್ತ್ರದ ಮೂಲನಿಯಮಗಳಲ್ಲೊಂದರ ಪರಿಣಾಮ. ಆದ್ದರಿಂದ ಅವು ತಾವಾಗಿಯೇ ಪರಸ್ಪರ ದೂರವಿರುತ್ತವೆ, ದೂರವಿರುವುದರಿಂದ ಅವುಗಳ ನಡುವಣ ವಿದ್ಯುತ್ ವಿಕರ್ಷಣೆಯ ಶಕ್ತಿ ಕಡಿಮೆಯಾಗುತ್ತದೆ. ಅಂದರೆ ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುವುದರ ಲಾಭ ಬರುವುದು ವಿದ್ಯುತ್ ಬಲದಿಂದ; ಪರಮಾಣುವಿನ ಅಳತೆಯಲ್ಲಿ ವಿದ್ಯುತ್ ಬಲವು ಕಾಂತಬಲಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ್ದರಿಂದ ವೈಸ್‌ನ ಅಂಕಿಗೆ ಆಧಾರ ದೊರೆಯಿತು. ಇದನ್ನು ವಿನಿಮಯ ಪರಿಣಾಮ ಎನ್ನುತ್ತಾರೆ.

ಆದರೆ ವಿನಿಮಯ ಪರಿಣಾಮವು ಎಲ್ಲ ಲೋಹಗಳಲ್ಲೂ ಇದೆ. ಆಯ್ಕೆ ನಡೆಯುವುದು ಅದಕ್ಕೆ ತೆರಬೇಕಾದ ಬೆಲೆಯಲ್ಲಿ. ಲೋಹದಲ್ಲಿ ಎಲೆಕ್ಟ್ರಾನ್‌ಗಳು ಶಕ್ತಿಯ ಮಟ್ಟಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಜೋಡಿಯಾಗಿ ತುಂಬಿರುತ್ತವೆ, ಜೋಡಿಯ ಎರಡು ಸ್ಪಿನ್‌ಗಳು ಎದುರುಬದುರಾಗಿದ್ದು ಒಂದನ್ನೊಂದು ರದ್ದುಗೊಳಿಸುತ್ತವೆ. ಜೋಡಿ ಮುರಿದು ಎರಡೂ ಒಂದೇ ದಿಕ್ಕಿಗೆ ನಿಲ್ಲಬೇಕಾದರೆ ಒಂದು ಎಲೆಕ್ಟ್ರಾನ್ ಮೇಲಿನ ಖಾಲಿ ಮಟ್ಟಕ್ಕೆ ಏರಬೇಕು. ಅಲ್ಯೂಮಿನಿಯಂನಲ್ಲಿ ಮಟ್ಟಗಳು ವಿರಳವಾಗಿ ಹರಡಿರುವುದರಿಂದ ಆ ಏರಿಕೆಗೆ ತಗಲುವ ಶಕ್ತಿ ವಿನಿಮಯದ ಲಾಭಕ್ಕಿಂತ ಹೆಚ್ಚು. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳ ಒಳಕವಚದ ಎಲೆಕ್ಟ್ರಾನ್‌ಗಳ ಮಟ್ಟಗಳು ಒತ್ತೊತ್ತಾಗಿರುವುದರಿಂದ ಏರಿಕೆ ಅಗ್ಗವಾಗಿ, ಲಾಭವೇ ಮೇಲಾಗುತ್ತದೆ. ತಾಮ್ರದಲ್ಲಿ ಆ ಕವಚ ಪೂರ್ತಿ ತುಂಬಿದ್ದು ಏರಲು ಅಲ್ಲಿ ಖಾಲಿ ಮಟ್ಟವೇ ಇಲ್ಲ. ಈ ಲಾಭ-ವೆಚ್ಚದ ಷರತ್ತನ್ನು 1938ರಲ್ಲಿ ಸ್ಪಷ್ಟವಾಗಿ ನಿರೂಪಿಸಿದವನು ಎಡ್ಮಂಡ್ ಸ್ಟೋನರ್.

ಒಂಟಿ ಪರಮಾಣುವಿನ ಗುಣದಿಂದ ಲೋಹದ ಗುಣವನ್ನು ಊಹಿಸಲಾಗದು ಎಂಬುದಕ್ಕೆ ಕ್ರೋಮಿಯಂ ಉತ್ತಮ ಸಾಕ್ಷಿ. ಬಿಡಿಯಾದ ಕ್ರೋಮಿಯಂ ಪರಮಾಣುವಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳು ಆರು, ಕಬ್ಬಿಣದಲ್ಲಿ ನಾಲ್ಕು; ಆದರೂ ಕ್ರೋಮಿಯಂ ಲೋಹವನ್ನು ಅಯಸ್ಕಾಂತ ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ನೆರೆಹೊರೆಯ ಪರಮಾಣುಗಳು ಎದುರುಬದುರು ದಿಕ್ಕಿಗೆ ನಿಂತು ಪರಸ್ಪರ ರದ್ದಾಗುತ್ತವೆ. ಇದಕ್ಕೆ ಪ್ರತಿಯಾಗಿ, ತಾಮ್ರ, ಮ್ಯಾಂಗನೀಸ್, ಅಲ್ಯೂಮಿನಿಯಂ ಎಂಬ ಮೂರು ಫೆರ್ರೋಕಾಂತೀಯವಲ್ಲದ ಲೋಹಗಳನ್ನು ಬೆರೆಸಿ 1903ರಲ್ಲಿ ಫ್ರಿಟ್ಸ್ ಹಾಯ್ಸ್ಲರ್ ಫೆರ್ರೋಕಾಂತೀಯ ಮಿಶ್ರಲೋಹವನ್ನು ವಿವರಿಸಿದ್ದನು. ಫ್ಯಾರಡೆಯ ಹಳೆಯ ಊಹೆಗೂ ಭಾಗಶಃ ಸಮರ್ಥನೆ ಸಿಕ್ಕಿತು: ಗ್ಯಾಡೊಲಿನಿಯಂ ಲೋಹದ ಕ್ಯೂರಿ ಬಿಂದು ಸುಮಾರು 20 ಡಿಗ್ರಿಯಾದ್ದರಿಂದ ಬೆಂಗಳೂರಿನ ಚಳಿಗಾಲದ ಮುಂಜಾವಿನಲ್ಲಿ ಅದು ಫೆರ್ರೋಕಾಂತೀಯ, ಕಲಬುರಗಿಯ ಬೇಸಿಗೆಯಲ್ಲಿ ಅಲ್ಲ.

ಪರಮಾಣುಗಳ ಜೋಡಣೆಯ ಈ ಪಾತ್ರವನ್ನು ಅಡುಗೆಮನೆಯ ಸ್ಟೀಲ್ ಪಾತ್ರೆಯಲ್ಲಿಯೂ ಪರೀಕ್ಷಿಸಬಹುದು. 304 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸುಮಾರು ಶೇ. 70 ಕಬ್ಬಿಣ, ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತವೆ. ಕಬ್ಬಿಣ, ನಿಕ್ಕಲ್ ಎರಡೂ ಇದ್ದರೂ ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ, ಏಕೆಂದರೆ ನಿಕ್ಕಲ್ ಬೆರೆತಾಗ ಕಬ್ಬಿಣವು ಸಾಮಾನ್ಯವಾಗಿ 912 ಡಿಗ್ರಿಗಿಂತ ಮೇಲೆ ಮಾತ್ರ ತಾಳುವ ಹರಳು ಜೋಡಣೆಯನ್ನು ಕೋಣೆಯ ಉಷ್ಣತೆಯಲ್ಲೇ ಉಳಿಸಿಕೊಳ್ಳುತ್ತದೆ, ಆ ಜೋಡಣೆಯಲ್ಲಿ ಅದು ಫೆರ್ರೋಕಾಂತೀಯವಲ್ಲ. ನಿಕ್ಕಲ್ ಇಲ್ಲದೆ ಕ್ರೋಮಿಯಂ ಮಾತ್ರ ಬೆರೆತ 430 ದರ್ಜೆಯಲ್ಲಿ ಕಬ್ಬಿಣದ ಎಂದಿನ ಜೋಡಣೆಯೇ ಉಳಿಯುವುದರಿಂದ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಅಂಟಿದರೆ ಕಳಪೆ, ಅಂಟದಿದ್ದರೆ ಉತ್ತಮ ಎಂಬ ಅಂಗಡಿಯ ಪರೀಕ್ಷೆ ಎರಡು ಕಡೆ ಎಡವುತ್ತದೆ. 304ರ ತಗಡನ್ನು ತಣ್ಣಗಿರುವಾಗಲೇ ಒತ್ತಿ ಆಳವಾದ ಪಾತ್ರೆ ಮಾಡಿದಾಗ, ಹೆಚ್ಚು ಬಾಗಿದ ಅಂಚು ಮೂಲೆಗಳಲ್ಲಿ ಹರಳು ಜೋಡಣೆ ಬದಲಾಗಿ ಅಷ್ಟು ಭಾಗ ಅಯಸ್ಕಾಂತವನ್ನು ಸೆಳೆಯತೊಡಗುತ್ತದೆ. ಸಪಾಟಾದ ತಳ ಸೆಳೆಯದೆ ಅಂಚು ಮಾತ್ರ ಸೆಳೆದರೆ ಕಾರಣ ಇದೇ ಇರಬಹುದು, ಸುಮಾರು 1050 ಡಿಗ್ರಿಗೆ ಕಾಯಿಸಿ ಬೇಗನೆ ತಣಿಸಿದರೆ ಆ ಗುಣ ಮತ್ತೆ ಮಾಯವಾಗುತ್ತದೆ. ಇನ್ನೊಂದೆಡೆ, ನಿಕ್ಕಲ್‌ನ ಬಹುಪಾಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200 ಸರಣಿಯ ಅಗ್ಗದ ಸ್ಟೀಲ್‌ನಲ್ಲಿಯೂ ಅದೇ ಹರಳು ಜೋಡಣೆ ಇರುವುದರಿಂದ, ತುಕ್ಕು ತಡೆಯುವ ಶಕ್ತಿ 304ಕ್ಕಿಂತ ಕಡಿಮೆಯಿದ್ದರೂ ಅಯಸ್ಕಾಂತ ಅದಕ್ಕೂ ಅಂಟುವುದಿಲ್ಲ. ಅವೆರಡನ್ನು ಬೇರ್ಪಡಿಸಲು ಲೋಹದ ರಾಸಾಯನಿಕ ವಿಶ್ಲೇಷಣೆಯನ್ನೇ ಮಾಡಬೇಕಾಗುತ್ತದೆ.