ಕುಪ್ವಾಡದ ಸಾಕ್ಷಿ: ಒಂದು ವಾಕ್ಯದ ಮರುವಿಚಾರಣೆ

ಭಾರತವನ್ನು ಒಂದು ಭಾಷಾವಲಯವೆಂದು ವಾದಿಸುವ ಬರಹಗಳಲ್ಲಿ ಎಮೆನೋ ಅವರ 1956ರ ಲೇಖನದ ನಂತರ ಅತಿ ಹೆಚ್ಚು ಉಲ್ಲೇಖವಾಗುವುದು ಗಂಪರ್ಝ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಕುಪ್ವಾಡದ ಅಧ್ಯಯನ. ಸಾಂಗಲಿ ಜಿಲ್ಲೆಯ ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ತಲೆಮಾರುಗಳಿಂದ ಜೊತೆಯಲ್ಲಿ ಬಾಳಿವೆ. ತೆಲುಗಿನ ಕೆಲವು ಮನೆಗಳೂ ಇವೆ. ಮೂರು ಭಾಷೆಗಳ ಶಬ್ದಗಳು ಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟು ಮಾತ್ರ ಒಂದೇ ಆಗಿಬಿಟ್ಟಿದೆ ಎಂಬುದು ಅವರ ತೀರ್ಮಾನ. ಅದಕ್ಕೆ ಅವರು ಕೊಟ್ಟ ಒಂದು ಉದಾಹರಣೆ ಐವತ್ತು ವರ್ಷಗಳಿಂದ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಸಾಗಿ ಬಂದಿದೆ. ಸ್ವಲ್ಪ ಸೊಪ್ಪು ಕೊಯ್ದು, ತೆಗೆದುಕೊಂಡು ಬಂದೆ ಎಂಬ ಅರ್ಥದ ವಾಕ್ಯವದು. ಮೂರು ಭಾಷೆಗಳಲ್ಲೂ ಅದನ್ನು ಸಾಲಾಗಿ ಜೋಡಿಸಿ, ಪ್ರತ್ಯಯದ ಕೆಳಗೆ ಪ್ರತ್ಯಯ ಬರುವಂತೆ ಅಚ್ಚು ಹಾಕಿದ್ದಾರೆ.

ನನ್ನ ತಕರಾರು ಈ ವಾಕ್ಯದ ಮೇಲೆ. (ಇಡೀ ಅಧ್ಯಯನದ ಮೇಲಲ್ಲ. ಅದನ್ನು ಓದದೆ ಉದಾಹರಣೆಯನ್ನಷ್ಟೇ ಎತ್ತಿಕೊಳ್ಳುವವರ ಮೇಲೆ ಖಂಡಿತ ಇದೆ.) ಕುಪ್ವಾಡದಲ್ಲಿ ಭಾಷೆಗಳು ಒಂದನ್ನೊಂದು ಬದಲಿಸಿದವು ಎನ್ನಬೇಕಾದರೆ, ಕುಪ್ವಾಡದ ಆಚೆ ಇಲ್ಲದ ಏನೋ ಒಂದು ಅಲ್ಲಿ ಕಾಣಬೇಕು. ಈ ವಾಕ್ಯದಲ್ಲಿ ಅಂಥದು ಯಾವುದೂ ಇಲ್ಲ. ಧಾರವಾಡದವರು ‘ಕೊಯ್ದು ತಗೊಂಡು ಬಂದೆ’ ಎನ್ನುತ್ತಾರೆ. ಕನ್ನಡದ ಸೋಂಕೇ ಇಲ್ಲದ ಪುಣೆಯ ಮನೆಯಲ್ಲಿ ‘ಕಾಪೂನ್ ಘೇಊನ್ ಆಲೋ’ ಎನ್ನುತ್ತಾರೆ. ಲಖ್ನೋದಲ್ಲಿ ‘ಕಾಟ್‌ಕೇ ಲೇಕೇ ಆಯಾ’. ಪದಗಳ ಅನುಕ್ರಮ ಎಲ್ಲ ಕಡೆಯೂ ಅದೇ.

ಇದು ಇಂದು ನೆನ್ನೆಯದೂ ಅಲ್ಲ. ಮರಾಠಿಯ ‘-ಊನ್’ ಮಾಹಾರಾಷ್ಟ್ರೀ ಪ್ರಾಕೃತದ ‘-ಊಣ’ದಿಂದ ಇಳಿದು ಬಂದದ್ದು; ಉರ್ದುವಿನ ‘-ಕೇ’ ‘ಕರ್’ ಧಾತುವಿನ ಕುಟುಂಬಕ್ಕೆ ಸೇರಿದ್ದು; ಕನ್ನಡದ ‘-ಉ’ ದ್ರಾವಿಡದ ಸ್ವಂತ ಆಸ್ತಿ. ಮೂರೂ ಬೇರೆ ಬೇರೆ ಮೂಲದವು. ಪ್ರಾಕೃತದ ಆ ರೂಪ ಬಳಕೆಗೆ ಬಂದು ಸಾವಿರ ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಕುಪ್ವಾಡದ ನೆರೆಹೊರೆಯನ್ನು ಅದರ ಕಾರಣವಾಗಿ ತೋರಿಸಲು ಬರುವುದಿಲ್ಲ. ಕೃದಂತಾವ್ಯಯಗಳ ಸರಪಣಿ ಉಪಖಂಡದಲ್ಲಿ ಹರಡಿದ ಕಥೆ ಬೇರೆ, ಕುಪ್ವಾಡದ ಕಥೆ ಬೇರೆ. ಎರಡನ್ನೂ ಒಂದೇ ಕಡತದಲ್ಲಿ ಕಟ್ಟಿದ್ದರಿಂದಲೇ ಗೊಂದಲ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಪ್ರತ್ಯಯಕ್ಕೆ ಪ್ರತ್ಯಯ ಸರಿಹೊಂದುತ್ತದೆ ಎಂಬ ಮಾತೂ ಕನ್ನಡದ ಮಟ್ಟಿಗೆ ನಿಲ್ಲುವುದಿಲ್ಲ. ಮೂರು ಸಾಲುಗಳು ಒಂದರ ಕೆಳಗೊಂದು ಕೂರಬೇಕಾದರೆ ಕನ್ನಡದ ರೂಪವನ್ನು ಧಾತು ಮತ್ತು ಪ್ರತ್ಯಯ ಎಂದು ಎರಡೇ ತುಂಡು ಮಾಡಬೇಕು. ‘ಕೊಯ್ದು’ ಹಾಗೆ ಒಡೆಯುವುದಿಲ್ಲ. ಅದರಲ್ಲಿ ಕೊಯ್ ಇದೆ, ದ್ ಇದೆ, ಉ ಇದೆ. ನಡುವಿನ ‘ದ್’ ಭೂತಕಾಲದ ಗುರುತು: ಕೊಯ್ದೆ, ಕೊಯ್ದ ಹುಲ್ಲು, ಕೊಯ್ದು ಮೂರರಲ್ಲೂ ಅದೇ ಇರುವುದು. ಮರಾಠಿಯ ಭೂತಕಾಲದ ಗುರುತು ‘ಲ್’; ‘ಕಾಪಲಾ’ದಲ್ಲಿ ಅದಿದೆ, ‘ಕಾಪೂನ್’ನಲ್ಲಿ ಇಲ್ಲ. ‘ಕಾಟ್‌ಕೇ’ಯಲ್ಲಿ ಬರಿಯ ಧಾತುವಿಗೆ ‘ಕೇ’ ಹತ್ತಿದೆ, ಕಾಲದ ಸುಳಿವೇ ಇಲ್ಲ. ಎಂದರೆ ಕನ್ನಡದ ಅವ್ಯಯ ತನ್ನೊಳಗೇ ಕಾಲವನ್ನು ಹೊತ್ತಿದೆ, ಉಳಿದೆರಡು ಹೊತ್ತಿಲ್ಲ. ತಮಿಳಿನ ‘ಶೆಯ್ದು’ವಿನಲ್ಲೂ ಕನ್ನಡದ್ದೇ ಏರ್ಪಾಡು. ‘ದ್’ ಅನ್ನು ಧಾತುವಿನ ಜೊತೆ ಸೇರಿಸಿ ಬರೆದುಬಿಟ್ಟರೆ ಮಾತ್ರ ಮೂರು ಸಾಲೂ ನೆಟ್ಟಗೆ ಕೂರುತ್ತವೆ. ಆ ಹೊಂದಿಕೆಯಲ್ಲಿ ಭಾಷೆಗಿಂತ ವಿಶ್ಲೇಷಕರ ಕೈವಾಡವೇ ಹೆಚ್ಚು.

‘ತಗೊಂಡು’ ಇನ್ನೂ ತೊಡಕಿನದು. ‘ತೆಗೆದುಕೊಂಡು’ ಸವೆದು ಆದ ರೂಪ ಅದು. ಅದರ ಹೊಟ್ಟೆಯಲ್ಲೇ ಒಂದು ಕೃದಂತಾವ್ಯಯವೂ ‘ಕೊಳ್’ ಎಂಬ ಸಹಾಯಕ ಕ್ರಿಯೆಯೂ ಇವೆ. ಮರಾಠಿಯ ‘ಘೇ’, ಉರ್ದುವಿನ ‘ಲೇ’ ಒಂಟಿ ಧಾತುಗಳು. ಮೂರು ಕೊಂಡಿ ಎಂದು ಎಣಿಸಿದ ಸರಪಣಿಯಲ್ಲಿ ಕನ್ನಡದ್ದು ನಿಜವಾಗಿ ನಾಲ್ಕು.

ಈ ವ್ಯತ್ಯಾಸಗಳು ಆಡುವವರ ಅರಿವಿಗೆ ಬರುವುದಿಲ್ಲ, ಅವರು ಸರಾಗವಾಗಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ, ಗಂಪರ್ಝ್ ಹೇಳಿದ್ದೂ ಅಷ್ಟೇ ಎಂದು ಅವರ ಪರವಾಗಿ ವಾದಿಸಬಹುದು. ಒಪ್ಪೋಣ. ಹಾಗಾದರೆ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡಬೇಕು. ಕನ್ನಡಕ್ಕೆ ‘ಕೊಯ್ಯದೆ ಬಂದೆ’ ಎಂಬ ಒಂದೇ ಪದದ ನಿಷೇಧಾವ್ಯಯವಿದೆ. ಮರಾಠಿಯ ‘-ಊನ್’ಗೆ ಅಂಥ ಜೋಡಿ ಇಲ್ಲ. ಅದು ‘ನ ಕಾಪತಾ’ ಎಂದು ಬೇರೊಂದು ಕೃದಂತವನ್ನು ಹಿಡಿಯಬೇಕು. ಉರ್ದು ‘ಬಿನಾ ಕಾಟೇ’ ಎನ್ನುತ್ತದೆ. ನಿಷೇಧಕ್ಕೆ ತಿರುಗಿದ ಕೂಡಲೇ ಮೂರು ಸಾಲುಗಳ ಅಚ್ಚುಕಟ್ಟು ಕಳಚಿಕೊಳ್ಳುತ್ತದೆ. ಭೂತಕಾಲದ, ನಿಷೇಧವಿಲ್ಲದ ವಾಕ್ಯವೊಂದನ್ನೇ ಆರಿಸಿ ‘ಒಂದೇ ವ್ಯಾಕರಣ’ ಎಂದದ್ದು ಆತುರದ ಮಾತು.

ಸರಪಣಿಯನ್ನು ಭಾರತದ ಮುದ್ರೆ ಎನ್ನುವವರಿಗೂ ಒಂದು ಮಾತು. ಮಸಿಕಾ 1976ರಲ್ಲಿ ಲಕ್ಷಣಗಳನ್ನು ಒಂದೊಂದಾಗಿ ನಕ್ಷೆಯ ಮೇಲೆ ಹರಡಿದಾಗ, ಈ ಕೃದಂತ ಹಿಮಾಲಯದ ಆಚೆಗೂ ಹಬ್ಬಿರುವುದು ಕಂಡಿತು. ತುರ್ಕಿಯ ‘-ಇಪ್’, ಜಪಾನಿಯ ‘-ತೆ’ ಮಾಡುವ ಕೆಲಸ ನಮ್ಮ ‘-ಉ’ ಮಾಡುವ ಕೆಲಸವೇ. ಮೂರ್ಧನ್ಯ ಧ್ವನಿಗಳ ಹರಹು ಇದಕ್ಕಿಂತ ಕಿರಿದು. ವಲಯದ ಗಡಿ ಎಳೆಯಲು ಟ, ಡ, ಣಗಳೇ ಹೆಚ್ಚು ಉಪಯುಕ್ತ. ಆದರೆ ಕುಪ್ವಾಡದ ಪ್ರಶ್ನೆಗೆ ಅವೂ ನೆರವಾಗವು. ಅಲ್ಲಿ ಭೇಟಿಯಾದ ಭಾಷೆಗಳೆಲ್ಲ ಟ, ಡಗಳನ್ನು ಮೊದಲೇ ಹೊತ್ತು ತಂದಿದ್ದವು.

ಹಾಗಾದರೆ ಕುಪ್ವಾಡದಲ್ಲಿ ಏನೂ ನಡೆದಿಲ್ಲವೆ? ನಡೆದಿದೆ, ಅದೇ ಲೇಖನದಲ್ಲಿ ದಾಖಲೂ ಆಗಿದೆ. ಮರಾಠಿಗೆ ಮೂರು ಲಿಂಗಗಳು, ಅವು ಅರ್ಥಕ್ಕೆ ಕಟ್ಟುಬಿದ್ದವಲ್ಲ: ನದೀ ಸ್ತ್ರೀಲಿಂಗ, ಭಾಕರಿಯೂ ಸ್ತ್ರೀಲಿಂಗ. ಕುಪ್ವಾಡದ ಮರಾಠಿಯಲ್ಲಿ ಈ ಏರ್ಪಾಡು ಕನ್ನಡದ ದಾರಿ ಹಿಡಿದಿದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದು ನಪುಂಸಕ. ಪುಣೆಯ ಮರಾಠಿಯಲ್ಲಿ ಇಲ್ಲದ್ದು, ಕನ್ನಡದಲ್ಲಿ ಇರುವುದು, ಕನ್ನಡದ ಮಗ್ಗುಲಲ್ಲಿ ಬೆಳೆದ ಮರಾಠಿಯಲ್ಲಿ ಕಂಡಿದೆ. ಸಾಕ್ಷಿ ಎಂದರೆ ಇದು. ಪಠ್ಯಪುಸ್ತಕದವರು ಇದನ್ನು ಬಿಟ್ಟು ಸೊಪ್ಪಿನ ವಾಕ್ಯವನ್ನೇ ಹಿಡಿದದ್ದು, ಅದು ಪುಟದ ಮೇಲೆ ಚಂದ ಕಾಣುತ್ತದೆ ಎಂಬುದಕ್ಕಿರಬೇಕು.

ಉರ್ದುವಿನ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲಾರೆ, ಏಕೆಂದರೆ ಅಲ್ಲಿ ಹೋಲಿಕೆಯ ಮಾನದಂಡವೇ ತಪ್ಪಿದೆ. ಕುಪ್ವಾಡದ ಉರ್ದುವನ್ನು ಉತ್ತರದ ಶಿಷ್ಟ ಉರ್ದುವಿನ ಪಕ್ಕ ಇಟ್ಟು, ಕಂಡ ವ್ಯತ್ಯಾಸಗಳನ್ನೆಲ್ಲ ಊರಿನ ಲೆಕ್ಕಕ್ಕೆ ಬರೆಯಲಾಗಿದೆ. ಇಡಬೇಕಾದದ್ದು ದಖನಿಯ ಪಕ್ಕ. ಉತ್ತರದವರು ‘ಮೈನೇ ರೋಟೀ ಖಾಯೀ’ ಎಂದು ಕ್ರಿಯಾಪದವನ್ನು ರೊಟ್ಟಿಯ ಲಿಂಗಕ್ಕೆ ಹೊಂದಿಸುತ್ತಾರೆ. ದಕ್ಷಿಣದ ದಖನಿಯಲ್ಲಿ ಆ ‘ನೇ’ ಬಿದ್ದುಹೋಗಿ ಕ್ರಿಯಾಪದ ತಿಂದವನನ್ನೇ ಅನುಸರಿಸುತ್ತದೆ. ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಇದನ್ನು ಕೇಳಬಹುದು. ಇಂಥದು ಕುಪ್ವಾಡದ ಮುಸ್ಲಿಮರ ಬಾಯಲ್ಲಿ ಕಂಡರೆ, ಅದು ಆ ಊರಿನ ಕನ್ನಡ ಆಡುವ ಜೈನ ಒಕ್ಕಲಿನಿಂದ ಬಂತು ಎನ್ನುವ ಮೊದಲು ದಖನಿಯಲ್ಲಿ ಎಂದಿನಿಂದ ಇದೆ ಎಂದು ಕೇಳಬೇಕು. ಸೋನಲ್ ಕುಲಕರ್ಣಿ-ಜೋಶಿ ನಾಲ್ಕು ದಶಕಗಳ ನಂತರ ಕುಪ್ವಾಡವನ್ನೇ ಮತ್ತೆ ಕೈಗೆತ್ತಿಕೊಂಡು, ಗಂಪರ್ಝ್ ಮತ್ತು ವಿಲ್ಸನ್ ಅವರ ಪರಸ್ಪರ ಭಾಷಾಂತರದ ಮಾದರಿಯನ್ನು ವಿಮರ್ಶೆಗೆ ಒಡ್ಡಿದ್ದಾರೆ. ಅವರ ಅಧ್ಯಯನವನ್ನು ಪಕ್ಕಕ್ಕಿಟ್ಟು 1971ರ ಪುಟವನ್ನೇ ನಕಲು ಮಾಡುವ ಅಭ್ಯಾಸಕ್ಕೆ ಈಗ ಯಾವ ನೆಪವೂ ಉಳಿದಿಲ್ಲ. ದಖನಿಗೆಲ್ಲ ಸಾಮಾನ್ಯವಾದದ್ದನ್ನು ಕಳೆದು, ಕೃದಂತಗಳ ಸರಪಣಿಯನ್ನೂ ಕಳೆದರೆ, ಕುಪ್ವಾಡದ ಹೆಸರಿಗೆ ನಿಸ್ಸಂದೇಹವಾಗಿ ಬರೆಯಬಹುದಾದ್ದರಲ್ಲಿ ಮೊದಲನೆಯದು ಮರಾಠಿಯ ಲಿಂಗ.